ಮೂರು ಗ್ರಾಂ ಮಸಿ, ಮೂರು ಗ್ರಾಂ ಅಂಟು

ಸ್ಕೂಟರಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗಿದಾಗ ‘ಒಳಗಿನ ಲಿಥಿಯಂ ಮುಗಿದುಹೋಯಿತು’ ಎಂದೋ ‘ಪುಡಿ ಸತ್ತುಹೋಯಿತು’ ಎಂದೋ ಹೇಳುವುದು ರೂಢಿಯಾಗಿಬಿಟ್ಟಿದೆ. ಇದು ಅರ್ಧ ಸತ್ಯ. ವಿದ್ಯುತ್ತನ್ನು ಕೂಡಿಡುವ ಕಣಗಳು ಚೆನ್ನಾಗಿಯೇ ಇದ್ದು, ಅವುಗಳಿಗೆ ಎಲೆಕ್ಟ್ರಾನುಗಳು ತಲುಪುವ ದಾರಿ ಮಾತ್ರ ಕಡಿದುಹೋಗಿರುವುದೂ ಉಂಟು. ಆ ದಾರಿಯನ್ನು ಕಟ್ಟುವುದು ಮಸಿ, ಅಂದರೆ ಕಾರ್ಬನ್ ಬ್ಲ್ಯಾಕ್. ಅದನ್ನು ಕದಲದಂತೆ ಹಿಡಿದಿಡುವುದು ಅಂಟು, ಅಂದರೆ ಬೈಂಡರ್. ಇವೆರಡರಲ್ಲಿ ಯಾವುದೂ ವಿದ್ಯುತ್ತನ್ನು ಕೂಡಿಡುವುದಿಲ್ಲವಾದ್ದರಿಂದ ಬ್ಯಾಟರಿಯ ಬಗ್ಗೆ ಬರೆಯುವವರು ಇವನ್ನು ದಾಟಿ ಮುಂದೆ ಹೋಗುತ್ತಾರೆ.

ಈ ಜೋಡಿ ಹೊಸದಲ್ಲ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ತನ್ನ ವಿದ್ಯುತ್ಕೋಶದಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿಗೆ ಇಂಗಾಲದ ಪುಡಿಯನ್ನು ಬೆರೆಸಿದ, ಏಕೆಂದರೆ ಆ ಆಕ್ಸೈಡ್ ತನ್ನಷ್ಟಕ್ಕೆ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಮುಂದೆ ಅದೇ ಮಿಶ್ರಣಕ್ಕೆ ಅರಗನ್ನು ಸೇರಿಸಿ, ಬಿಸಿಮಾಡಿ, ಒತ್ತಿ ಗಟ್ಟಿ ಅಚ್ಚುಗಳನ್ನಾಗಿ ಮಾಡುವ ಪದ್ಧತಿಯೂ ಬಂತು. ನಮ್ಮ ಬಳೆಗಾರರಿಗೂ ಅಕ್ಕಸಾಲಿಗರಿಗೂ ಚಿರಪರಿಚಿತವಾದ ಅರಗೇ ಬ್ಯಾಟರಿಯ ಮೊದಮೊದಲ ಅಂಟುಗಳಲ್ಲಿ ಒಂದು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇಂದಿನ ಲಿಥಿಯಂ ಅಯಾನ್ ಬ್ಯಾಟರಿಯ ಧನ ವಿದ್ಯುದ್ವಾರವನ್ನು ತೆಗೆದುಕೊಳ್ಳೋಣ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಆಕ್ಸೈಡಿನ ಪುಡಿ 94 ಗ್ರಾಂ, ಮಸಿ 3 ಗ್ರಾಂ, ಪಿವಿಡಿಎಫ್ ಎಂಬ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಅಂಟು 3 ಗ್ರಾಂ ಎಂದಿಟ್ಟುಕೊಳ್ಳಿ. ಅಂಟನ್ನು ದ್ರಾವಕದಲ್ಲಿ ಕರಗಿಸಿ, ಪುಡಿಗಳನ್ನು ಕಲಸಿ, ದೋಸೆ ಹಿಟ್ಟಿನಂತಾದ ಆ ಕಪ್ಪು ಲೇಪವನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ, ಒಣಗಿಸಿ, ಉರುಳೆಗಳ ನಡುವೆ ಒತ್ತುತ್ತಾರೆ. ಹೀಗೆ ಒತ್ತಿದ ಮೇಲೂ ಸುಮಾರು ಮೂರನೆಯ ಒಂದು ಭಾಗದಷ್ಟು ರಂಧ್ರಗಳು ಉಳಿದಿರಬೇಕು. ಲಿಥಿಯಂ ಅಯಾನು ಆ ರಂಧ್ರಗಳಲ್ಲಿ ತುಂಬಿದ ದ್ರವದ ಮೂಲಕ ಬರುತ್ತದೆ, ಎಲೆಕ್ಟ್ರಾನು ಮಸಿಯ ಸರಪಳಿಯ ಮೂಲಕ ಬರುತ್ತದೆ, ಮತ್ತು ಎರಡೂ ಒಂದೇ ಕಣದಲ್ಲಿ ಸೇರಿದರೆ ಮಾತ್ರ ಆ ಕಣ ಕೆಲಸ ಮಾಡುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಒಂದು ಲೆಕ್ಕ. ಆಕ್ಸೈಡಿನ ಕಣ ಸುಮಾರು 10 ಮೈಕ್ರಾನಿನದು. ಒಂದು ಗ್ರಾಂ ಪುಡಿಯ ಮೇಲ್ಮೈ ಅರ್ಧ ಚದರ ಮೀಟರ್ ಎಂದು ಹಿಡಿದರೆ 94 ಗ್ರಾಮಿಗೆ 47 ಚದರ ಮೀಟರ್ ಆಯಿತು. ಮಸಿಯ ಕಣವಾದರೋ ಕೆಲವೇ ಹತ್ತು ನ್ಯಾನೊಮೀಟರಿನದು, ಅದರ ಮೇಲ್ಮೈ ಗ್ರಾಮಿಗೆ ಸುಮಾರು 60 ಚದರ ಮೀಟರ್. ಮೂರು ಗ್ರಾಮಿಗೆ 180. ಅಂದರೆ ಚಿಟಿಕೆಯಷ್ಟಿರುವ ಮಸಿಯ ಮೈ ರಾಶಿಯಷ್ಟಿರುವ ಆಕ್ಸೈಡಿನ ಮೈಗಿಂತ ನಾಲ್ಕು ಪಟ್ಟಿನ ಸಮೀಪಕ್ಕೆ ದೊಡ್ಡದು. ಮೂರು ಗ್ರಾಂ ಅಂಟನ್ನು ಇವೆಲ್ಲದರ ಮೇಲೆ ಸಮನಾಗಿ ಸವರಿದರೆ ಅದರ ದಪ್ಪ ಏಳು ನ್ಯಾನೊಮೀಟರಿನಷ್ಟಾಗುತ್ತದೆ, ಮತ್ತು ಐದರಲ್ಲಿ ನಾಲ್ಕು ಪಾಲು ಅಂಟನ್ನು ಮಸಿಯೇ ಹೀರಿಕೊಂಡಿರುತ್ತದೆ. ನಿಜವಾದ ಲೇಪದಲ್ಲಿ ಅಂಟು ಹೀಗೆ ಸಮನಾಗಿ ಹರಡುವುದಿಲ್ಲ. ಮಸಿಯೊಂದಿಗೆ ಸೇರಿ ಕಣಗಳ ಸಂದುಗಳಲ್ಲಿ ಗೂಡುಗೂಡಾಗಿ ಕೂರುತ್ತದೆ. ಆದರೂ ಈ ಲೆಕ್ಕ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ವಿದ್ಯುತ್ತು ಚೆನ್ನಾಗಿ ಹರಿಯಲೆಂದು ಮಸಿಯನ್ನಷ್ಟೇ ಹೆಚ್ಚಿಸಿದರೆ ಆಕ್ಸೈಡಿನ ಕಣಗಳಿಗೆ ಅಂಟು ಸಾಲದೆ ಲೇಪ ಉದುರುತ್ತದೆ. ಉದುರದಿರಲೆಂದು ಅಂಟನ್ನಷ್ಟೇ ಹೆಚ್ಚಿಸಿದರೆ, ಅದು ವಿದ್ಯುತ್ತನ್ನು ತಡೆಯುವ ವಸ್ತುವಾದ್ದರಿಂದ, ಕಣಗಳ ನಡುವೆ ತೆರೆಯಾಗಿ ನಿಲ್ಲುತ್ತದೆ.

ಎಳ್ಳುಂಡೆ ಕಟ್ಟಿದವರಿಗೆ ಈ ಇಕ್ಕಟ್ಟು ಗೊತ್ತು. ಪಾಕ ಎಳೆಯದಾದರೆ ಉಂಡೆ ನಿಲ್ಲುವುದಿಲ್ಲ, ಹೆಚ್ಚು ಏರಿದರೆ ಕಲ್ಲಾಗುತ್ತದೆ. ಆದರೆ ಎಳ್ಳುಂಡೆಯ ಎಳ್ಳು ಉಸಿರಾಡುವುದಿಲ್ಲ. ಬ್ಯಾಟರಿಯ ಕಣ ಉಸಿರಾಡುತ್ತದೆ. ಲಿಥಿಯಂ ಒಳಗೆ ಹೋದಾಗ ಋಣ ವಿದ್ಯುದ್ವಾರದಲ್ಲಿರುವ ಗ್ರಾಫೈಟು ಶೇಕಡಾ ಹತ್ತರಷ್ಟು ಉಬ್ಬುತ್ತದೆ, ಅಲ್ಲೇ ಬಳಸುವ ಸಿಲಿಕಾನು ಮೂರು ನಾಲ್ಕು ಪಟ್ಟು ದೊಡ್ಡದಾಗುತ್ತದೆ, ಮತ್ತು ಇದು ಪ್ರತಿ ಚಾರ್ಜಿನಲ್ಲೂ ನಡೆಯುತ್ತದೆ. ಪಿವಿಡಿಎಫ್ ಕಣಗಳನ್ನು ದುರ್ಬಲ ಆಕರ್ಷಣೆಯಿಂದಷ್ಟೇ ಹಿಡಿದಿರುತ್ತದೆ. ಸಾಲದ್ದಕ್ಕೆ ರಂಧ್ರಗಳಲ್ಲಿನ ದ್ರವವನ್ನು ಹೀರಿ ಮೆತ್ತಗಾಗುತ್ತದೆ. ಕಣ ಉಬ್ಬಿದಾಗ ಎಳೆದುಕೊಂಡ ಅಂಟು, ಕಣ ಕುಗ್ಗಿದಾಗ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಹೀಗೆ ಉಂಟಾದ ಸಂದಿನಲ್ಲಿ ಮಸಿಯ ಸರಪಳಿಯ ಒಂದು ಕೊಂಡಿ ಕಳಚುತ್ತದೆ. ಸಿಲಿಕಾನಿಗೆ ಈ ಅಂಟು ಒಗ್ಗದಿರುವುದು ಈ ಕಾರಣಕ್ಕೇ. ಅಲ್ಲಿ ಸೆಲ್ಯುಲೋಸಿನಿಂದ ತಯಾರಿಸಿದ, ನೀರಿನಲ್ಲಿ ಕರಗುವ ಸಿಎಂಸಿಯಂಥ ಅಂಟುಗಳು ಸಿಲಿಕಾನಿನ ಮೈಗೆ ರಾಸಾಯನಿಕವಾಗಿಯೇ ಬೆಸೆದುಕೊಂಡು ಹೆಚ್ಚು ಕಾಲ ಬಾಳುತ್ತವೆ.

ಕೆಲವೊಮ್ಮೆ ಕೇಡು ಕಾರ್ಖಾನೆಯಲ್ಲೇ ಹುಟ್ಟಿರುತ್ತದೆ. ಲೇಪವನ್ನು ಅವಸರದಿಂದ ಒಣಗಿಸಿದರೆ ಮೇಲೇಳುವ ದ್ರಾವಕ ಅಂಟನ್ನೂ ಮೇಲಕ್ಕೆ ಒಯ್ಯುತ್ತದೆ, ಹಾಳೆಯ ಪಕ್ಕದಲ್ಲಿ ಅಂಟು ತೆಳುವಾಗುತ್ತದೆ. ಇದನ್ನು ಪತ್ತೆಹಚ್ಚಲು ಲೇಪಕ್ಕೆ ಟೇಪು ಅಂಟಿಸಿ ಎಳೆಯುತ್ತಾರೆ. ಟೇಪು ಕಿತ್ತು ಬಂದಾಗ ಹಾಳೆ ಬರಿದಾಗಿ ಮಿರುಗಿದರೆ ಹಾಳೆಗೂ ಲೇಪಕ್ಕೂ ಇದ್ದ ಬೆಸುಗೆ ಸೋತಿದೆ. ಹಾಳೆಯ ಮೇಲೂ ಟೇಪಿನ ಮೇಲೂ ಕಪ್ಪು ಉಳಿದಿದ್ದರೆ ಲೇಪವೇ ಒಳಗಿನಿಂದ ಸೀಳಿದೆ. ನಿಕಲ್ ಹೆಚ್ಚಿರುವ ಪುಡಿ ಗಾಳಿಯ ತೇವವನ್ನು ಹೀರಿದರೆ ಅದರ ಮೈಮೇಲಿನ ಕ್ಷಾರವು ಪಿವಿಡಿಎಫ್‌ನಿಂದ ಹೈಡ್ರೋಜನ್ ಮತ್ತು ಫ್ಲೋರಿನ್ನನ್ನು ಕಿತ್ತುಹಾಕುತ್ತದೆ. ಆಗ ಲೇಪ ಹರಡುವ ಮೊದಲೇ ಲೋಳೆಯಂತೆ ಹೆಪ್ಪುಗಟ್ಟುತ್ತದೆ.

ಮಸಿಯ ಜಾಲ ಕಡಿದುಹೋಗುವುದು ಊಹೆಯ ಮಾತಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ರಾಬರ್ಟ್ ಕೊಸ್ಟೆಕಿ ಮತ್ತು ಸಂಗಡಿಗರು ಹಳೆಯ ಧನ ವಿದ್ಯುದ್ವಾರಗಳ ಮೇಲ್ಮೈಯನ್ನು ಚದುರಿ ಬರುವ ಬೆಳಕಿನ ಬಣ್ಣದ ಬದಲಾವಣೆಯಿಂದ ವಸ್ತುವನ್ನು ಗುರುತಿಸುವ ರಾಮನ್ ವಿಧಾನದಿಂದ ಬಿಂದುಬಿಂದುವಾಗಿ ಪರೀಕ್ಷಿಸಿದಾಗ, ಹೊಸತರಲ್ಲಿ ಎಲ್ಲೆಡೆ ಕಾಣುತ್ತಿದ್ದ ಇಂಗಾಲ ಅನೇಕ ಕಡೆ ಹಿಂದೆ ಸರಿದು, ಆಕ್ಸೈಡಿನ ಕಣಗಳು ಒಂಟಿಯಾಗಿ ಉಳಿದಿದ್ದವು. ಸಿ. ವಿ. ರಾಮನ್ ಅವರ ಶೋಧ ಇಲ್ಲಿ ಮಸಿಯ ಜಾಡು ಹಿಡಿಯಲು ಒದಗಿತು.

ಹಾಗಾದರೆ ಸೊರಗಿದ ಒಂದು ಕೋಶದಲ್ಲಿ ತಪ್ಪಿದ್ದು ಯಾವುದು ಎಂದು ತಿಳಿಯುವುದು ಹೇಗೆ? ಹೊಸತಿದ್ದಾಗ 3 ಆಂಪಿಯರ್-ಗಂಟೆ ಕೊಡುತ್ತಿದ್ದ ಕೋಶ ಈಗ ಒಂದು ಗಂಟೆಯ ವೇಗದಲ್ಲಿ, ಅಂದರೆ 3 ಆಂಪಿಯರಿನಲ್ಲಿ, ಬರಿದುಮಾಡಿದರೆ 2.1 ಮಾತ್ರ ಕೊಡುತ್ತದೆ ಎಂದುಕೊಳ್ಳಿ. ಅದನ್ನೇ ಇಪ್ಪತ್ತು ಗಂಟೆಗಳ ವೇಗದಲ್ಲಿ, ಅಂದರೆ 150 ಮಿಲಿಆಂಪಿಯರಿನಲ್ಲಿ, ನಿಧಾನವಾಗಿ ಬರಿದುಮಾಡಿದಾಗ 2.8 ಬಂದರೆ ಹೆಚ್ಚಿನ ಕಣಗಳು ಇನ್ನೂ ಸಂಪರ್ಕದಲ್ಲಿವೆ, ದಾರಿ ಮಾತ್ರ ಕಿರಿದಾಗಿದೆ. ಕಣಗಳ ಮೇಲೆ ಬೆಳೆಯುವ ಪೊರೆಯೂ ಹೀಗೆಯೇ ತಡೆಯೊಡ್ಡುವುದರಿಂದ ಮಸಿಯನ್ನೇ ದೂರುವಂತಿಲ್ಲ. ನಿಧಾನವಾಗಿಯೂ 2.1 ಮಾತ್ರ ಬಂದರೆ ಲಿಥಿಯಂ ಕಳೆದುಹೋಗಿದೆ, ಇಲ್ಲವೇ ಕಣಗಳು ಕೆಟ್ಟಿವೆ ಅಥವಾ ಒಂಟಿಯಾಗಿವೆ. ಆಗ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಕೋಶವನ್ನು ಬಿಚ್ಚಬೇಕು. ಮನೆಯಲ್ಲಿ ಇದನ್ನು ಮಾಡಿದರೆ ಬೆಂಕಿ ಖಂಡಿತ ಎಂದೇ ತಿಳಿಯಬೇಕು. ಧನ ವಿದ್ಯುದ್ವಾರದ ಒಂದು ತುಂಡನ್ನು ಹೊಸ ಲಿಥಿಯಂ ಲೋಹದ ಎದುರಿಟ್ಟು ಅಳೆಯುತ್ತಾರೆ. ಲಿಥಿಯಂ ಈಗ ಧಾರಾಳವಾಗಿರುವುದರಿಂದ, ಸಾಮರ್ಥ್ಯ ಪೂರ್ತಿ ಮರಳಿದರೆ ಕೊರತೆ ಲಿಥಿಯಮ್ಮಿನದು, ಇಲ್ಲವೇ ಕೇಡು ಋಣ ವಿದ್ಯುದ್ವಾರದ್ದು. ಮರಳದಿದ್ದರೆ ಇನ್ನೊಂದು ತುಂಡಿನ ಲೇಪವನ್ನು ಕೆರೆದು, ಅರೆದು, ಹೊಸ ಮಸಿ ಮತ್ತು ಹೊಸ ಅಂಟು ಸೇರಿಸಿ, ಹೊಸದಾಗಿ ಹರಡಿ ಅಳೆಯುತ್ತಾರೆ. ಈ ಎರಡು ಅಳತೆಗಳ ನಡುವೆ ಎಷ್ಟು ಹೆಚ್ಚಿತೋ, ಸುಮಾರಾಗಿ ಅಷ್ಟು ಸಾಮರ್ಥ್ಯವನ್ನು ಒಂಟಿಯಾದ ಕಣಗಳು ಹಿಡಿದಿಟ್ಟಿದ್ದವು. ಆಗಲೂ ಮರಳದೆ ಉಳಿದದ್ದು ನಿಜವಾಗಿ ಕೆಟ್ಟ ಪುಡಿ.