ಗೆದ್ದಲು ಸಾಲು ಕಂಡಿದೆ, ಬಾಗಿಲು ಗಟ್ಟಿಯಾಗಿದೆ

ನನ್ನ ನಾದಿನಿಗೆ 34 ವರ್ಷ. ಆಫೀಸಿನ ಹೆಲ್ತ್ ಚೆಕಪ್‌ನ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 2.4 ಬಂತು, ನಾರ್ಮಲ್. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಟಿಪಿಒ ಆಂಟಿಬಾಡಿ 380. ಲ್ಯಾಬ್‌ನವರು ಕೊಟ್ಟ ಮಿತಿ 35. ಸಂಜೆಯೊಳಗೆ ಮನೆಯವರು ಥೈರಾಯ್ಡ್‌ಗೆ ಆಗದು ಎಂದು ಎಲೆಕೋಸು, ಹೂಕೋಸು, ಗೋಧಿ ಮೂರಕ್ಕೂ ಬಹಿಷ್ಕಾರ ಹಾಕಿದ್ದರು!

ಟಿಎಸ್‌ಎಚ್ ಅಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಹಾಕುವ ಕೂಗು. ಥೈರಾಯ್ಡ್ ಸೋತರೆ ಕೂಗು ಜೋರಾಗುತ್ತದೆ. 2.4 ಅಂದರೆ ಮಾಮೂಲಿ ದನಿ. ಹಾರ್ಮೋನು ಬೇಕಾದಷ್ಟು ಬರುತ್ತಿದೆ.

ಟಿಪಿಒ ಬೇರೆಯದೇ ಕಥೆ. ಥೈರಾಯ್ಡ್ ಒಳಗೆ ಸಣ್ಣ ಸಣ್ಣ ಗಡಿಗೆಗಳಂಥ ಕೋಶಗುಚ್ಛಗಳಿವೆ. ಅಯೋಡಿನ್ನನ್ನು ಪ್ರೋಟೀನಿಗೆ ಅಂಟಿಸಿ ಹಾರ್ಮೋನು ಕಟ್ಟುವ ಕಿಣ್ವವೇ ಈ ಟಿಪಿಒ, ಗಡಿಗೆಯ ಒಳಗೋಡೆಯಲ್ಲಿ ಕೂತು ಕೆಲಸ ಮಾಡುತ್ತದೆ. ರೋಗನಿರೋಧಕ ಕಣಗಳು ಅಲ್ಲಿ ನುಗ್ಗಿ ಗದ್ದಲ ಮಾಡಿದಾಗ ಆ ಕಿಣ್ವದ ವಿರುದ್ಧ ಆಂಟಿಬಾಡಿ ಹುಟ್ಟುತ್ತದೆ. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಸಾಲು ಕಂಡ ಹಾಗೆ. ಗೆದ್ದಲು ಇದೆ ಅನ್ನುವುದು ಖಾತ್ರಿ. ಬಾಗಿಲು ಎಷ್ಟು ಟೊಳ್ಳಾಗಿದೆ ಅನ್ನುವುದು ಸಾಲಿನ ಉದ್ದ ಅಳೆದರೆ ತಿಳಿಯಲ್ಲ, ಬಾಗಿಲನ್ನೇ ತಟ್ಟಿ ನೋಡಬೇಕು. ಆ ತಟ್ಟುವಿಕೆ ಟಿಎಸ್‌ಎಚ್.

ಜಪಾನಿನ ಹಕಾರು ಹಶಿಮೊಟೊ 1912ರಲ್ಲೇ ನಾಲ್ವರು ಹೆಂಗಸರ ಥೈರಾಯ್ಡ್‌ನಲ್ಲಿ ಈ ನುಗ್ಗಾಟದ ಗುರುತು ಕಂಡಿದ್ದರು. ಅಂಥ ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಪತ್ತೆಯಾದದ್ದು 1956ರಲ್ಲಿ. ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ ಜನರನ್ನು 20 ವರ್ಷ ಹಿಂಬಾಲಿಸಿ ನೋಡಿದಾಗ, ಆಂಟಿಬಾಡಿ ಮಾತ್ರ ಇದ್ದ ಹೆಂಗಸರಲ್ಲಿ ವರ್ಷಕ್ಕೆ 100ಕ್ಕೆ ಸುಮಾರು ಇಬ್ಬರಿಗೆ ಥೈರಾಯ್ಡ್ ಕುಂದಿತು. ಟಿಎಸ್‌ಎಚ್ ಕೂಡ ಏರಿದ್ದವರಲ್ಲಿ ಅದರ ಎರಡುಪಟ್ಟು.

ಹಾಗಾಗಿ ನಾದಿನಿಗೆ ಈಗ ಮಾತ್ರೆ ಬೇಡ. ವರ್ಷಕ್ಕೊಮ್ಮೆ ಟಿಎಸ್‌ಎಚ್ ಸಾಕು. ನಡುವೆ ಸುಸ್ತು, ಚಳಿ ಜಾಸ್ತಿ ಆದರೆ, ಮುಟ್ಟಿನ ಸ್ರಾವ ಹೆಚ್ಚಿದರೆ ಬೇಗ ನೋಡಿಸಬೇಕು. ಟಿಎಸ್‌ಎಚ್ ಸ್ವಲ್ಪ ಏರಿದರೂ ಎರಡು-ಮೂರು ತಿಂಗಳು ಬಿಟ್ಟು, ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಜೊತೆ ಮತ್ತೆ ಮಾಡಿಸಿ ಆಮೇಲೆ ತೀರ್ಮಾನ. ಆಂಟಿಬಾಡಿಯನ್ನು ಮತ್ತೆ ಮತ್ತೆ ಅಳೆಸುವುದು ಸುಮ್ನೆ ದುಡ್ಡು ದಂಡ, 380 ಇದ್ದದ್ದು 250ಕ್ಕೆ ಇಳಿದರೂ ಚಿಕಿತ್ಸೆ ಬದಲಾಗಲ್ಲ. ಕತ್ತಿನಲ್ಲಿ ಗಂಟು ಕೈಗೆ ಸಿಕ್ಕರೆ ಮಾತ್ರ ಸ್ಕ್ಯಾನಿಂಗ್.

ಲೆಕ್ಕ ಬದಲಾಗುವುದು ಬಸಿರಿನಲ್ಲಿ. ಆಗ ಥೈರಾಯ್ಡ್‌ಗೆ ಹೆಚ್ಚು ದುಡಿಮೆ. ತಿಳಿದ ಕೂಡಲೇ ಟಿಎಸ್‌ಎಚ್ ಮಾಡಿಸಿ, ಐದು ತಿಂಗಳಾಗುವವರೆಗೆ ನಾಲ್ಕು ವಾರಕ್ಕೊಮ್ಮೆ ನೋಡಬೇಕು. ಹೆರಿಗೆಯಾದ ಮೇಲೂ ಕೆಲವು ತಿಂಗಳು ಏರಿಳಿತ ಆಗಬಹುದು, ಅದನ್ನು ಬಾಣಂತಿಯ ಸುಸ್ತು ಎಂದು ತಳ್ಳಿಹಾಕಬಾರದು.

ಅಯೋಡಿನ್ ಉಪ್ಪು ಇರಲಿ, ಕಡಲಪಾಚಿಯ ಮಾತ್ರೆ ಬೇಡ, ಅತಿ ಅಯೋಡಿನ್ ಇಂಥವರಿಗೆ ಕೆಡುಕು. ಬೇಯಿಸಿದ ಕೋಸು ತಿನ್ನಲಿ. ಅಂದಹಾಗೆ, ಅವಳು ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದಾಳೆ. ಅದು ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ಚನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಮುಂದಿನ ಟೆಸ್ಟಿಗೆ ಎರಡು-ಮೂರು ದಿನ ಮೊದಲೇ ನಿಲ್ಲಿಸು ಅಂತ ಕ್ಯಾಲೆಂಡರಿನಲ್ಲಿ ಬರೆಸಿದ್ದೇನೆ.