ನದಿಯಾಚೆಯ ಮಂಡಿನೋವು ಮತ್ತು ಐದು ಕಿಲೋಮೀಟರ್ ವೃತ್ತ

ಮಂಗಳೂರಿನ ಮಂಗಳಾದೇವಿ ಬಳಿ ಒಂದು ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ ಇದೆ ಎಂದುಕೊಳ್ಳಿ. ಮಂಡಿನೋವು, ಸೊಂಟನೋವು, ಆಪರೇಷನ್ ಆದಮೇಲಿನ ವ್ಯಾಯಾಮ, ಇಂಥದ್ದೇ ಕೆಲಸ. ಗೂಗಲ್‌ನಲ್ಲಿ ಜಾಹೀರಾತು ಹಾಕಬೇಕು. ನಕ್ಷೆ ತೆರೆದು, ಕ್ಲಿನಿಕ್ ಮೇಲೆ ಪಿನ್ ಇಟ್ಟು, ಐದು ಕಿಲೋಮೀಟರ್ ಎಂದು ಬರೆದರೆ ಒಂದು ನೀಲಿ ವೃತ್ತ ಮೂಡುತ್ತದೆ. ಆ ವೃತ್ತದೊಳಗೆ ಇರುವವರಿಗೆ ಮಾತ್ರ ಜಾಹೀರಾತು ಕಾಣುತ್ತದೆ ಎಂದು ನಂಬಿ ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ.

ಆ ವೃತ್ತವನ್ನೇ ಸ್ವಲ್ಪ ಹೊತ್ತು ನೋಡೋಣ. ಪಶ್ಚಿಮಕ್ಕೆ ಎರಡು ಕಿಲೋಮೀಟರ್ ಹೋದರೆ ಅರಬ್ಬಿ ಸಮುದ್ರ. ಐದು ಕಿಲೋಮೀಟರ್ ವೃತ್ತದ ಒಟ್ಟು ವಿಸ್ತೀರ್ಣ ಸುಮಾರು 78 ಚದರ ಕಿಲೋಮೀಟರ್. ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಬರೀ ನೀರು. ಇದರಿಂದ ನಷ್ಟವೇನೂ ಇಲ್ಲ. ಸಮುದ್ರದಲ್ಲಿ ಕೂತು ಯಾರೂ ಫಿಸಿಯೋಥೆರಪಿ ಹುಡುಕುವುದಿಲ್ಲ, ಕ್ಲಿಕ್ ಆಗದಿದ್ದರೆ ದುಡ್ಡೂ ಹೋಗುವುದಿಲ್ಲ. ದುಡ್ಡು ಹೋಗುವುದು ದಕ್ಷಿಣದಲ್ಲಿ, ನೇತ್ರಾವತಿಯ ಆಚೆ.

ನದಿ ಸಮುದ್ರ ಸೇರುವ ಕಡೆ, ಆಚೆ ದಡದಲ್ಲಿ ಉಳ್ಳಾಲದ ಕೋಟೆಪುರ ಇದೆ. ಮಂಗಳಾದೇವಿಯಿಂದ ನೇರ ಗೆರೆ ಎಳೆದರೆ ಎರಡು, ಎರಡೂವರೆ ಕಿಲೋಮೀಟರ್ ಅಷ್ಟೇ. ವೃತ್ತದ ಒಳಗೇ ಬಿತ್ತು. ಆದರೆ ರಸ್ತೆಯಲ್ಲಿ ಬರಬೇಕಾದರೆ ತೊಕ್ಕೊಟ್ಟಿಗೆ ಹೋಗಿ, ಹೆದ್ದಾರಿಯ ನೇತ್ರಾವತಿ ಸೇತುವೆ ದಾಟಿ, ಜೆಪ್ಪಿನಮೊಗರು ಕಡೆಯಿಂದ ಸುತ್ತಿ ಬರಬೇಕು. ಸುಮಾರು ಹತ್ತು ಕಿಲೋಮೀಟರ್. ಸಂಜೆ ಸೇತುವೆ ಮೇಲೆ ವಾಹನ ನಿಂತರೆ ಎಷ್ಟು ಹೊತ್ತು ಬೇಕೆಂದು ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ಮಂಡಿನೋವಿಗೆ ಹತ್ತು ಸಿಟಿಂಗ್ ಬೇಕು ಎಂದರೆ ಹತ್ತು ಸಲ ಹೋಗಿ ಬರಬೇಕು. ಒಂದು ಕಡೆಗೆ 40 ನಿಮಿಷ ಹಿಡಿದರೆ ಬರೀ ಪ್ರಯಾಣಕ್ಕೆ 13 ಗಂಟೆಗೂ ಜಾಸ್ತಿ. ನೋವಿರುವ ಕಾಲಿನಲ್ಲಿ ಇದನ್ನು ಎಷ್ಟು ಜನ ಪೂರ್ತಿ ಮಾಡುತ್ತಾರೆ? ಮೂರನೇ ಸಿಟಿಂಗ್‌ಗೆ ಬಿಟ್ಟುಬಿಡುತ್ತಾರೆ. ಅವರ ನೋವೂ ವಾಸಿಯಾಗುವುದಿಲ್ಲ.

ದೂರ ಹೆಚ್ಚಿದಂತೆ ಚಿಕಿತ್ಸೆಗೆ ಬರುವವರು ಕಡಿಮೆಯಾಗುತ್ತಾರೆ ಎನ್ನುವುದು ಹಳೆಯ ಸಂಗತಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ 1850ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು. ಮಾನಸಿಕ ಆಸ್ಪತ್ರೆಗೆ ಹತ್ತಿರವಿದ್ದ ಊರುಗಳಿಂದ ಜನಸಂಖ್ಯೆಗೆ ತಕ್ಕಂತೆ ಹೆಚ್ಚು ರೋಗಿಗಳು ಬರುತ್ತಿದ್ದರು, ದೂರದ ಊರುಗಳಿಂದ ಕಡಿಮೆ. ದೂರದಲ್ಲಿ ಕಾಯಿಲೆ ಕಡಿಮೆ ಇತ್ತು ಎಂದಲ್ಲ, ದಾರಿ ಉದ್ದವಿತ್ತು. ಆಸ್ಪತ್ರೆಯ ಬಳಕೆಯನ್ನು ಓದುವವರು ಇಂದಿಗೂ ಇದನ್ನು ಜಾರ್ವಿಸ್ ನಿಯಮ ಎನ್ನುತ್ತಾರೆ.

ಈಗ ವೃತ್ತದ ಗಣಿತವನ್ನು ಇದಕ್ಕೆ ಸೇರಿಸಿ. ಮೂರು ಕಿಲೋಮೀಟರ್ ವೃತ್ತದ ವಿಸ್ತೀರ್ಣ 28 ಚದರ ಕಿಲೋಮೀಟರ್, ಐದರದ್ದು 78. ಅಂದರೆ ಮೂರರಿಂದ ಐದರವರೆಗಿನ ಹೊರಗಿನ ಬಳೆಯಲ್ಲೇ 50 ಚದರ ಕಿಲೋಮೀಟರ್ ಇದೆ. ಒಟ್ಟು ಜಾಗದ 64 ಶೇಕಡಾ! ಜನ ಎಲ್ಲ ಕಡೆ ಒಂದೇ ರೀತಿ ಇದ್ದಾರೆ ಎಂದುಕೊಳ್ಳೋಣ. ತಿಂಗಳಿಗೆ 15,000 ರೂಪಾಯಿ ಇಟ್ಟು, ಒಂದು ಕ್ಲಿಕ್‌ಗೆ 25 ರೂಪಾಯಿ ಬಿದ್ದರೆ 600 ಕ್ಲಿಕ್. ಅದರಲ್ಲಿ 384 ಕ್ಲಿಕ್, ಅಂದರೆ 9,600 ರೂಪಾಯಿ, ಬರುವ ಸಾಧ್ಯತೆ ಅತಿ ಕಡಿಮೆ ಇರುವ ಹೊರ ಬಳೆಗೆ ಹೋಗುತ್ತದೆ. ಮಂಗಳೂರಿನಲ್ಲಿ ಸಮುದ್ರ ಇರುವುದರಿಂದ ಅಂಕಿ ಸ್ವಲ್ಪ ಬದಲಾದೀತು. ಆದರೆ ತ್ರಿಜ್ಯ ಸ್ವಲ್ಪ ಹೆಚ್ಚಿಸಿದರೂ ವಿಸ್ತೀರ್ಣ ಅದರ ವರ್ಗದಷ್ಟು ಬೆಳೆಯುವುದು ಎಲ್ಲ ಊರಿಗೂ ಒಂದೇ.

ಹಾಗಾದರೆ ಕೋಟೆಪುರವನ್ನು ವೃತ್ತದಿಂದ ಕತ್ತರಿಸಿ ತೆಗೆಯಬಹುದಲ್ವಾ? ಗೂಗಲ್ ಆಡ್ಸ್‌ನಲ್ಲಿ ಇಲ್ಲೇ ಒಂದು ತೊಡಕಿದೆ. ವೃತ್ತವನ್ನು ಸೇರಿಸಬಹುದು, ಆದರೆ ವೃತ್ತವನ್ನು ಹೊರಗಿಡಲು ಆಗುವುದಿಲ್ಲ. ಹೊರಗಿಡಬಹುದಾದದ್ದು ಅವರ ಪಟ್ಟಿಯಲ್ಲಿ ಹೆಸರಿರುವ ಊರು, ಪಿನ್‌ಕೋಡ್‌ಗಳನ್ನು ಮಾತ್ರ. ಹಾಗಾಗಿ ಒಂದು ದೊಡ್ಡ ವೃತ್ತದ ಬದಲು ಈಚೆ ದಡದಲ್ಲೇ ಉಳಿಯುವ ಮೂರು ಸಣ್ಣ ವೃತ್ತ ಹಾಕುವುದು ನನಗೆ ಸರಿ ಅನ್ನಿಸುತ್ತದೆ. ಕ್ಲಿನಿಕ್ ಸುತ್ತ ಒಂದೂವರೆ ಕಿಲೋಮೀಟರ್, ಅತ್ತಾವರದ ಸುತ್ತ ಎರಡು, ಕಂಕನಾಡಿಯ ಸುತ್ತ ಎರಡು. ವೃತ್ತಗಳು ಒಂದರ ಮೇಲೊಂದು ಬಿದ್ದರೂ ಚಿಂತೆ ಇಲ್ಲ, ಒಂದು ಕ್ಲಿಕ್‌ಗೆ ಎರಡು ಸಲ ಬಿಲ್ ಆಗುವುದಿಲ್ಲ. ತೀರಾ ಸಣ್ಣ ವೃತ್ತವೂ ಬೇಡ. ಒಂದು ಕಿಲೋಮೀಟರ್‌ಗಿಂತ ಕಡಿಮೆ ಹಾಕಲು ಬಿಡುವುದೇ ಇಲ್ಲ, ಅದರ ಹತ್ತಿರ ಹೋದರೂ ಜಾಹೀರಾತು ಸರಿಯಾಗಿ ಓಡದೇ ಇರಬಹುದು.

ಈ ಕೇಂದ್ರಗಳನ್ನು ಸುಮ್ನೆ ಊಹಿಸಿ ಇಡಬಾರದು. ಕ್ಲಿನಿಕ್‌ನ ರಿಜಿಸ್ಟರ್ ತೆಗೆದು, ಎಲ್ಲ ಸಿಟಿಂಗ್ ಮುಗಿಸಿದ ಕೊನೆಯ 50 ಜನರ ಏರಿಯಾ ಬರೆದುಕೊಳ್ಳಬೇಕು. ಮೊದಲ ಸಲ ಬಂದು ನಿಲ್ಲಿಸಿದವರನ್ನು ಬೇರೆ ಬಣ್ಣದಲ್ಲಿ ಬರೆಯಬೇಕು. ಎರಡನ್ನೂ ನಕ್ಷೆಯ ಮೇಲೆ ಇಟ್ಟರೆ ನಿಜವಾದ ಆಕಾರ ಕಾಣುತ್ತದೆ. ಅದು ಬಹುಮಟ್ಟಿಗೆ ವೃತ್ತದಂತೆ ಇರುವುದಿಲ್ಲ, ಬಸ್ ಓಡಾಡುವ ರಸ್ತೆಯ ಉದ್ದಕ್ಕೂ ಬೆರಳಿನಂತೆ ಚಾಚಿರುತ್ತದೆ.

ಇನ್ನು ಫೋನ್ ಎಲ್ಲಿದೆ ಎಂದು ಗೂಗಲ್‌ಗೆ ಹೇಗೆ ಗೊತ್ತಾಗುತ್ತದೆ ಎನ್ನುವ ಪ್ರಶ್ನೆ. ಲೊಕೇಶನ್ ಆನ್ ಇದ್ದು, ಮೇಲೆ ಆಕಾಶ ಕಾಣುತ್ತಿದ್ದರೆ ಜಿಪಿಎಸ್ ಸುಮಾರು ಐದು ಮೀಟರ್‌ನಷ್ಟು ಕರಾರುವಾಕ್ಕಾಗಿ ಹೇಳುತ್ತದೆ. ಮನೆಯೊಳಗೆ ಸುತ್ತಲಿನ ವೈಫೈಗಳ ಗುರುತಿನಿಂದ ಅಂದಾಜು ಸಿಗುತ್ತದೆ. ಬರೀ ಮೊಬೈಲ್ ಟವರ್ ಆಧಾರವಾದರೆ ತಪ್ಪು ಕೆಲವು ನೂರು ಮೀಟರ್‌ನಿಂದ ಕೆಲವು ಕಿಲೋಮೀಟರ್‌ವರೆಗೆ ಹೋಗಬಹುದು. ನದಿಯ ದಡದಲ್ಲಿ ಇದು ಇನ್ನೂ ಕಷ್ಟ. ನೀರಿನ ಮೇಲೆ ಕಟ್ಟಡದ ಅಡ್ಡಿ ಇಲ್ಲದ್ದರಿಂದ ಸಿಗ್ನಲ್ ಸರಾಗವಾಗಿ ದಾಟುತ್ತದೆ. ಕೋಟೆಪುರದ ಫೋನ್ ಬೋಳಾರದ ಟವರ್ ಹಿಡಿದು, ಈಚೆ ದಡದಲ್ಲೇ ಇದ್ದಂತೆ ಲೆಕ್ಕಕ್ಕೆ ಬರಬಹುದು. ಅಷ್ಟು ಸೋರಿಕೆಯನ್ನು ಯಾವ ಸೆಟ್ಟಿಂಗ್‌ನಿಂದಲೂ ಪೂರ್ತಿ ನಿಲ್ಲಿಸಲಾಗದು.

ಕಂಪ್ಯೂಟರ್ ಕಥೆ ಬೇರೆ. ಅದರಲ್ಲಿ ಜಿಪಿಎಸ್ ಸಾಮಾನ್ಯವಾಗಿ ಇರುವುದಿಲ್ಲ, ಹೆಚ್ಚಾಗಿ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸವೇ ಗತಿ. ಅದು ಊರಿನ ಮಟ್ಟಕ್ಕೆ ಹೇಳಿದರೆ ಹೆಚ್ಚು. ಕಂಪನಿಯ ನೆಟ್‌ವರ್ಕ್ ಬೆಂಗಳೂರಿನ ಮೂಲಕ ಹೊರಗೆ ಹೋಗುತ್ತಿದ್ದರೆ ಮಂಗಳೂರಿನಲ್ಲಿ ಕೂತವರೂ ಬೆಂಗಳೂರಿನವರಾಗಿ ಕಾಣುತ್ತಾರೆ. ನೀವೇ ನೋಡಬಹುದು. ಕಂಪ್ಯೂಟರ್‌ನಲ್ಲಿ ಗೂಗಲ್‌ನಲ್ಲಿ ಏನಾದರೂ ಹುಡುಕಿ ಪುಟದ ಕೆಳತುದಿಗೆ ಹೋಗಿ. ಅಲ್ಲಿ ಒಂದು ಊರಿನ ಹೆಸರು, ಪಕ್ಕದಲ್ಲಿ `From your IP address` ಅಥವಾ `From your device` ಎಂದು ಇರುತ್ತದೆ. ಮೊದಲನೆಯದು ಇದ್ದರೆ ನಿಮ್ಮ ಎರಡು ಕಿಲೋಮೀಟರ್ ವೃತ್ತಕ್ಕೆ ಆ ಕಂಪ್ಯೂಟರ್ ಸಿಗುವುದು ಅದೃಷ್ಟದ ಮಾತು. ಸಣ್ಣ ವೃತ್ತದಲ್ಲಿ ಕಂಪ್ಯೂಟರ್‌ನಿಂದ ಕ್ಲಿಕ್ ಕಡಿಮೆ ಬಂದರೆ, ಅಲ್ಲಿನ ಜನ ಕಂಪ್ಯೂಟರ್‌ನಲ್ಲಿ ಹುಡುಕುವುದೇ ಇಲ್ಲ ಎಂದು ತೀರ್ಮಾನಿಸಬೇಡಿ. ಅವರು ಎಲ್ಲಿದ್ದಾರೆ ಎಂದು ಯಂತ್ರಕ್ಕೆ ತಿಳಿಯಲಿಲ್ಲ, ಅಷ್ಟೇ.

ಆದ್ದರಿಂದ ಸಣ್ಣ ವೃತ್ತದ ಜಾಹೀರಾತನ್ನು ಮೊಬೈಲ್‌ಗಾಗಿಯೇ ಬರೆಯಬೇಕು. ಮುಟ್ಟಿದರೆ ಕರೆ ಹೋಗುವ ಬಟನ್ ಇರಲಿ, ಅದೂ ಕ್ಲಿನಿಕ್‌ನಲ್ಲಿ ಫೋನ್ ಎತ್ತುವವರು ಇರುವ ಹೊತ್ತಿಗೆ ಮಾತ್ರ. ರಾತ್ರಿ ಹತ್ತಕ್ಕೆ ಕರೆ ಬಂದು ಯಾರೂ ಎತ್ತದಿದ್ದರೆ ಕ್ಲಿಕ್ಕಿನ ದುಡ್ಡೂ ಹೋಯಿತು, ನೋವಿನಲ್ಲಿದ್ದವರೂ ಹೋದರು. ಮೊಬೈಲ್‌ಗೆ ಬಿಡ್, ಅಂದರೆ ಒಂದು ಕ್ಲಿಕ್‌ಗೆ ಕೊಡಲು ಒಪ್ಪುವ ಮೊತ್ತ, ಹೆಚ್ಚಿಸುವ ಸೌಲಭ್ಯವೂ ಇದೆ. ಆದರೆ ಬಿಡ್ಡಿಂಗನ್ನು ಗೂಗಲ್‌ನ ಸ್ವಯಂಚಾಲಿತ ಪದ್ಧತಿಗೆ ಕೊಟ್ಟಿದ್ದರೆ ಆ ಹೆಚ್ಚು ಕಡಿಮೆಯ ಸೆಟ್ಟಿಂಗ್ ಬಹುತೇಕ ಕೆಲಸಕ್ಕೆ ಬರುವುದಿಲ್ಲ. ಒಂದು ಸಾಧನವನ್ನು ಪೂರ್ತಿ ಮುಚ್ಚುವ −100% ಮಾತ್ರ ನಡೆಯುತ್ತದೆ.

ನಾನು ನೋಡಿದ ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು ಮತ್ತೊಂದು ಸೆಟ್ಟಿಂಗ್. ಲೊಕೇಶನ್ ಆಯ್ಕೆಗಳಲ್ಲಿ ಮೊದಲೇ `Presence or interest` ಎಂದು ಆರಿಸಿಟ್ಟಿರುತ್ತದೆ. ಅಂದರೆ ವೃತ್ತದಲ್ಲಿ ಇರುವವರ ಜೊತೆಗೆ ಆ ಜಾಗದ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಹೋಗುತ್ತದೆ. ಹಂಪನಕಟ್ಟೆಯ ಹೋಟೆಲ್ ಹುಡುಕಿದ ಪ್ರವಾಸಿಯೂ ಈ ಲೆಕ್ಕಕ್ಕೆ ಬರಬಹುದು. ಇದನ್ನು `Presence` ಎಂದು ಬದಲಿಸಬೇಕು. ಆಗ ಅಲ್ಲಿರುವವರು ಮತ್ತು ಆಗಾಗ ಅಲ್ಲಿಗೆ ಬರುವವರು ಮಾತ್ರ ಉಳಿಯುತ್ತಾರೆ.

ಆದರೆ ಮಂಗಳೂರಿನಂಥ ಊರಿನಲ್ಲಿ ಇದರಿಂದ ಒಂದು ನಷ್ಟವಿದೆ. ಅಮ್ಮ ಜೆಪ್ಪುವಿನಲ್ಲಿ, ಮಗ ದುಬೈಯಲ್ಲಿ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಕ್ಲಿನಿಕ್ ಹುಡುಕುವವನು ಮಗ. ರೋಗಿ ವೃತ್ತದೊಳಗೆ, ಫೋನ್ ಸಮುದ್ರದಾಚೆ. ಅವರಿಗಾಗಿ ಬೇರೆಯೇ ಒಂದು ಸಣ್ಣ ಕ್ಯಾಂಪೇನ್ ಮಾಡಬೇಕು. ಜಾಗ ಯುಎಇ ಮತ್ತು ಬೆಂಗಳೂರು, ಹುಡುಕುವ ಪದಗಳಲ್ಲಿ ಮಂಗಳೂರಿನ ಹೆಸರು ಕಡ್ಡಾಯ, ದಿನದ ಬಜೆಟ್ ಕಡಿಮೆ. ಎರಡನ್ನೂ ಬೆರೆಸಿದರೆ ಯಾವುದರಿಂದ ರೋಗಿ ಬಂದರು ಎಂದು ಎಂದೂ ತಿಳಿಯುವುದಿಲ್ಲ.

ಒಂದು ಮಾತು ನಡುವೆ ಹೇಳಲೇಬೇಕು. ನಾನು ಫಿಸಿಯೋಥೆರಪಿಯ ಉದಾಹರಣೆ ತೆಗೆದುಕೊಂಡದ್ದಕ್ಕೆ ಕಾರಣ ಇದೆ. ಎಂಬಿಬಿಎಸ್ ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡುವುದನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿ ಒಪ್ಪುವುದಿಲ್ಲ. ಹೊಸದಾಗಿ ಕ್ಲಿನಿಕ್ ತೆರೆದದ್ದು, ವಿಳಾಸ ಬದಲಾದದ್ದು, ಇಂಥ ಕೆಲವನ್ನು ತಿಳಿಸಲು ಮಾತ್ರ ಅವಕಾಶ. ವೃತ್ತ ಎಳೆಯುವ ಮೊದಲು ಆ ನಿಯಮ ಓದಿ.

ಹಾಕಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ತಿಂಗಳು ಸಾಕು. ಪ್ರತಿ ವೃತ್ತಕ್ಕೆ ಎಷ್ಟು ಕ್ಲಿಕ್, ಎಷ್ಟು ಕರೆ ಎಂದು ಗೂಗಲ್ ಬೇರೆ ಬೇರೆಯಾಗಿ ತೋರಿಸುತ್ತದೆ. ಕೌಂಟರ್‌ನಲ್ಲಿ ಇರುವವರು ಬಂದವರನ್ನೆಲ್ಲ ಎರಡೇ ಮಾತು ಕೇಳಲಿ: "ಯಾವ ಏರಿಯಾದಿಂದ ಬಂದ್ರಿ? ಬರ್ಲಿಕ್ಕೆ ಎಷ್ಟು ಹೊತ್ತಾಯ್ತು?" ಎರಡನ್ನೂ ಪಕ್ಕಪಕ್ಕ ಇಡಿ. ಕ್ಲಿನಿಕ್ ಸುತ್ತಲಿನ ವೃತ್ತದಲ್ಲಿ ಕ್ಲಿಕ್ ಜಾಸ್ತಿ, ಆದರೆ ಬೋಳಾರ, ಮಂಗಳಾದೇವಿ ಎಂದು ಹೇಳುವವರೇ ಇಲ್ಲ ಎಂದಾದರೆ, ಆಚೆ ದಡದ ಫೋನ್‌ಗಳು ಟವರ್ ಹಿಡಿದು ಒಳಗೆ ಬರುತ್ತಿರಬಹುದು. ಆಗ ಆ ವೃತ್ತದ ಕೇಂದ್ರವನ್ನು ನದಿಯಿಂದ ದೂರಕ್ಕೆ, ಈಗಿರುವುದಕ್ಕಿಂತ ಅರ್ಧ ಕಿಲೋಮೀಟರ್ ಉತ್ತರಕ್ಕೆ ಸರಿಸಿ ಮತ್ತೊಂದು ತಿಂಗಳು ನೋಡಬೇಕು. ಕ್ಲಿನಿಕ್ ವೃತ್ತದ ಮಧ್ಯದಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ.

ಇದೇ ಲೆಕ್ಕ ಉಲ್ಟಾ ಆಗುವ ಜಾಗವೂ ಇದೆ. ಬಂದರಿನ ಎದುರಿಗೆ, ಗುರುಪುರ ನದಿಯ ಆಚೆ ಬೆಂಗ್ರೆ. ರಸ್ತೆಯಲ್ಲಿ ಕೂಳೂರು, ತಣ್ಣೀರುಬಾವಿ ಸುತ್ತಿ ಬಂದರೆ ಹತ್ತು ಕಿಲೋಮೀಟರ್‌ಗೂ ಜಾಸ್ತಿ. ಪ್ರಯಾಣದ ಸಮಯ ನೋಡಿ ನಕ್ಷೆ ಬಿಡಿಸುವ ತಂತ್ರಾಂಶ, ಅದಕ್ಕೆ ದೋಣಿಯ ವಿಷಯ ಗೊತ್ತಿಲ್ಲದಿದ್ದರೆ, ಬೆಂಗ್ರೆಯನ್ನು ಹೊರಗೇ ಇಡುತ್ತದೆ. ಆದರೆ ಅಲ್ಲಿನ ಜನ ದಿನವೂ ಫೆರಿಯಲ್ಲಿ ಕೆಲವೇ ನಿಮಿಷಕ್ಕೆ ಬಂದರಿಗೆ ಬಂದಿಳಿಯುತ್ತಾರೆ. ಅವರಿಗಾಗಿ ಒಂದೂವರೆ ಕಿಲೋಮೀಟರ್‌ನ ನಾಲ್ಕನೇ ವೃತ್ತ ಹಾಕಬೇಕು, ಮತ್ತು ಜೂನ್‌ನಲ್ಲಿ ಮಳೆ ಜೋರಾಗಿ ದೋಣಿ ನಿಂತ ದಿನ ಅದನ್ನು ನಿಲ್ಲಿಸಿಡಬೇಕು.