ಒಂದೇ ಕುಕ್ಕರಿನ ಬಿಸಿಬೇಳೆಬಾತ್: ಹುಣಸೆರಸ ಹಾಕುವ ಹೊತ್ತು

ಹೊಸದಾಗಿ ಅಡುಗೆ ಕಲಿಯುವವರಿಗೆ ಪಾಠ ಹೇಳುವ ನನ್ನ ಬಳಿಗೆ ಬರುವವರಲ್ಲಿ ರೂಮು ಮಾಡಿಕೊಂಡಿರುವ ಹುಡುಗರೇ ಹೆಚ್ಚು. ಕಳೆದ ತಿಂಗಳು ಬಂದಿದ್ದ ಒಬ್ಬ ಯುವಕನ ಬಳಿ ಇದ್ದುದು ಒಂದು ಒಲೆ, ಮೂರು ಲೀಟರಿನ ಕುಕ್ಕರ್, ಚಾಕು, ಸೌಟು, ಒಂದು ಸ್ಟೀಲ್ ಲೋಟ, ಎರಡು ತಟ್ಟೆ, ಇಷ್ಟೇ. ಅಕ್ಕಿ, ಬೇಳೆ, ತರಕಾರಿ, ಹುಣಸೆರಸ, ಬಿಸಿಬೇಳೆಬಾತ್ ಪುಡಿ ಎಲ್ಲವನ್ನೂ ಒಟ್ಟಿಗೆ ಹಾಕಿ ಐದು ವಿಷಲ್ ಕೂಗಿಸಿದ್ದನಂತೆ. ಅನ್ನ ಮುದ್ದೆಯಾಗಿತ್ತು, ಬೇಳೆ ಹಲ್ಲಿಗೆ ಸಿಗುತ್ತಿತ್ತು, ತಳ ಸೀದಿತ್ತು. ‘ಇನ್ನೂ ಎರಡು ವಿಷಲ್ ಬೇಕಿತ್ತೇನೋ ಮೇಡಂ’ ಎಂದ.

ಬೇಕಿರಲಿಲ್ಲ. ಬೇಳೆ ಮೆತ್ತಗಾಗುವುದೆಂದರೆ ಅದರ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಪದಾರ್ಥ ಕರಗುವುದು. ಹುಳಿ ಇದ್ದಲ್ಲಿ ಅದು ಬೇಗ ಕರಗುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಅದನ್ನು ಬಿಗಿಗೊಳಿಸುತ್ತದೆ. ಊರಿನಲ್ಲಿ ಬೇಯುತ್ತಿದ್ದ ಬೇಳೆ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಹಠ ಹಿಡಿಯುವುದು ಇದೇ ಕಾರಣಕ್ಕೆ. ಅಂಥಲ್ಲಿ ಕುಡಿಯುವ ನೀರಿನಲ್ಲೇ ಬೇಳೆ ಬೇಯಿಸುವುದು ಒಳ್ಳೆಯದು. ಇನ್ನು ಪುಡಿ ಸೇರಿದ ನೀರು ಬೇಗ ಗಟ್ಟಿಯಾಗುವುದರಿಂದ ಸರಿಯಾಗಿ ಕುದಿದು ಮೇಲೆ ಕೆಳಗೆ ಆಡುವುದಿಲ್ಲ, ಹಾಗಾಗಿ ತಳದಲ್ಲಿ ಕೂತದ್ದು ಅಲ್ಲೇ ಸೀಯುತ್ತದೆ. ಹುಳಿಯನ್ನೂ ಪುಡಿಯನ್ನೂ ಮುಚ್ಚಳ ತೆಗೆದ ಮೇಲೆ ಹಾಕಿದರೆ ಈ ಎರಡು ತೊಂದರೆಗಳೂ ತಪ್ಪುತ್ತವೆ.

ಆ ಯುವಕನಿಂದ ಅವನದೇ ಕುಕ್ಕರಿನಲ್ಲಿ ಮತ್ತೆ ಮಾಡಿಸಿದೆ. ಸುಮಾರು 200 ಮಿಲಿಲೀಟರಿನ ಲೋಟದಲ್ಲಿ ಕಾಲು ಲೋಟ ತೊಗರಿಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಹಾಕಿದ. ಅಷ್ಟರಲ್ಲಿ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸುಗಳನ್ನು ಹೆಬ್ಬೆರಳ ತುದಿಯಷ್ಟು ದಪ್ಪಗೆ ಹೆಚ್ಚಿಕೊಂಡ. ಸಣ್ಣಗೆ ಹೆಚ್ಚಿದರೆ ಬೇಳೆ ಬೇಯುವ ಹೊತ್ತಿಗೆ ತರಕಾರಿ ಕಾಣೆಯಾಗಿರುತ್ತದೆ. ಬೇರೆ ಬಾಣಲೆ ಇಲ್ಲದ ಕಾರಣ ಒಗ್ಗರಣೆಯೂ ಕುಕ್ಕರಿನಲ್ಲೇ ಆಯಿತು: ಎರಡು ಚಮಚ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಇಂಗು. ಅದರ ಮೇಲೆ ತರಕಾರಿ, ನೆನೆದ ಬೇಳೆ, ತೊಳೆದ ಅರ್ಧ ಲೋಟ ಅಕ್ಕಿ, ಚಿಟಿಕೆ ಅರಿಸಿನ, ಮೂರು ಲೋಟ ನೀರು. ನೀರು ಹಾಕಿದ ಮೇಲೆ ಸೌಟಿನಿಂದ ತಳವನ್ನೊಮ್ಮೆ ಕೆರೆಯಬೇಕು, ಏಕೆಂದರೆ ಅಲ್ಲಿ ಅಂಟಿದ ಒಗ್ಗರಣೆಯ ಚೂರೇ ಮೊದಲು ಕರಕಾಗುವುದು. ಬೇಳೆ ನೊರೆಯುಕ್ಕಿ ಆವಿಯ ತೂತನ್ನು ಕಟ್ಟಬಹುದಾದ್ದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮುಚ್ಚುವ ಮುನ್ನ ಮುಚ್ಚಳವನ್ನು ಬೆಳಕಿಗೆ ಹಿಡಿದು ಆ ತೂತು ತೆರೆದಿದೆಯೇ ಎಂದು ನೋಡುವುದು ದಿನದ ಅಭ್ಯಾಸವಾಗಬೇಕು.

ವಿಷಲ್ ಲೆಕ್ಕವನ್ನು ನಾನು ನಂಬುವುದಿಲ್ಲ. ಉರಿ ಜೋರಿದ್ದರೆ ನಾಲ್ಕು ನಿಮಿಷದಲ್ಲಿ ಐದು ಕೂಗಬಹುದು, ಸಣ್ಣಗಿದ್ದರೆ ಹದಿನೈದು ನಿಮಿಷವಾದರೂ ಎರಡೇ ಕೂಗಬಹುದು. ಬೇಳೆಗೆ ಬೇಕಾದದ್ದು ಪ್ರೆಷರಿನಲ್ಲಿ ಕಳೆಯುವ ಹೊತ್ತು. ಮೊದಲ ವಿಷಲ್ ಬಂದ ಕೂಡಲೇ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ ಹತ್ತು ನಿಮಿಷ ಬಿಟ್ಟು ಆರಿಸಿದೆವು. ಪ್ರೆಷರ್ ತಾನಾಗಿ ಇಳಿಯುವ ಮುಂದಿನ ಹತ್ತು ಹದಿನೈದು ನಿಮಿಷವೂ ಬೇಯುವ ಹೊತ್ತೇ. ಮುಚ್ಚಳ ಬಿಗಿಯಾಗಿದ್ದರೆ ಒಳಗೆ ಇನ್ನೂ ಆವಿಯಿದೆ ಎಂದೇ ತಿಳಿಯಬೇಕು, ಬಲವಂತ ಮಾಡಬಾರದು.

ತೆರೆದ ಮೇಲೆ ಒಂದು ಬೇಳೆಯನ್ನು ಬೆರಳುಗಳ ನಡುವೆ ಒತ್ತಿ ನೋಡಿದ, ಬೆಣ್ಣೆಯಂತೆ ಹಿಸುಕಿತು. ಅನಂತರ ನಿಂಬೆ ಗಾತ್ರದ ಹುಣಸೆಹಣ್ಣಿನ ಅರ್ಧದಷ್ಟನ್ನು ಮುಕ್ಕಾಲು ಲೋಟ ಬಿಸಿನೀರಿನಲ್ಲಿ ಕಿವುಚಿದ ರಸ, ಒಂದೂವರೆ ಚಮಚ ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ, ಮುಚ್ಚದೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಐದು ನಿಮಿಷ ಕುದಿಸಿದ. ಸೌಟಿನಿಂದ ಜಾರಿ ಬೀಳುವಷ್ಟು ತೆಳ್ಳಗಿರುವಾಗಲೇ ಇಳಿಸಬೇಕು, ತಟ್ಟೆಗೆ ಬರುವಷ್ಟರಲ್ಲಿ ಅದು ತಾನೇ ಗಟ್ಟಿಯಾಗುತ್ತದೆ.

ಎಷ್ಟು ಹೊತ್ತಾದರೂ ವಿಷಲ್ ಬಾರದೆ ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿದ್ದರೆ ರಬ್ಬರ್ ಸಡಿಲವಾಗಿದೆ ಎಂದರ್ಥ. ಹಾಗೇ ಬಿಟ್ಟರೆ ನೀರು ಬತ್ತಿ ತಳ ಹತ್ತುತ್ತದೆ. ಆರಿಸಿ, ರಬ್ಬರನ್ನು ತಣ್ಣೀರಿನಲ್ಲಿ ಅದ್ದಿ ಮತ್ತೆ ಕೂರಿಸಬೇಕು. ಅದಕ್ಕೂ ಬಗ್ಗದಿದ್ದರೆ ಹೊಸದನ್ನೇ ತರಬೇಕು. ಸೀದ ವಾಸನೆ ಬಂದರೂ ಮೊದಲು ಆರಿಸಬೇಕು. ಪ್ರೆಷರ್ ಇಳಿದ ಮೇಲೆ ತಳ ಕೆದಕದೆ ಮೇಲಿನದನ್ನಷ್ಟೇ ತಟ್ಟೆಗೆ ತೆಗೆದುಕೊಂಡರೆ ಆ ಹೊತ್ತಿನ ಊಟ ಉಳಿಯುತ್ತದೆ.

ಈ ಅಳತೆ ಒಬ್ಬರಿಗೆ ಎರಡು ಹೊತ್ತಿಗೆ ಆಗುತ್ತದೆ. ಫ್ರಿಜ್ ಇಲ್ಲದವರು ಅರ್ಧದಷ್ಟು ಮಾಡುವುದು ಕ್ಷೇಮ, ಏಕೆಂದರೆ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದರೆ ಆಗ ನೀರನ್ನು ಒಂದೂವರೆ ಲೋಟಕ್ಕೆ ಇಳಿಸದೆ ಎರಡು ಲೋಟ ಇಡಬೇಕು. ಅಕ್ಕಿ ಬೇಳೆ ಅರ್ಧವಾದರೂ ಆವಿಯಾಗಿ ಹೋಗುವ ನೀರು ಅರ್ಧವಾಗುವುದಿಲ್ಲ.